ಅಪ್ಪನ ಸಹಿ ಪಿಡಿಎಫ್ ಮೇಲೆ ಇಟ್ಟರೆ ಸುತ್ತ ಬಿಳಿ ಡಬ್ಬ ಬರುತ್ತೆ, ತೆಗೆಯೋದು ಹೇಗೆ?

ಡ್ರಿಪ್ ಅಂಗಡಿ ಹುಡುಗ (ಚಿಂತಾಮಣಿ)

ಎಲ್ಲರಿಗೂ ನಮಸ್ಕಾರ. ನಮ್ಮದು ಚಿಂತಾಮಣಿಯಲ್ಲಿ ಹನಿ ನೀರಾವರಿ ಸಾಮಾನಿನ ಅಂಗಡಿ. ರೈತರಿಗೆ ಕೊಟೇಶನ್ ಕೊಡಬೇಕು. ಬಿಲ್ಲಿಂಗ್ ಸಾಫ್ಟ್‌ವೇರ್ ಅದನ್ನು ಕನ್ನಡದಲ್ಲೇ ಪಿಡಿಎಫ್ ಮಾಡಿ ಕೊಡುತ್ತೆ. ಸಹಿ ಮಾತ್ರ ಅಪ್ಪನದೇ ಆಗಬೇಕು. ಅವರೋ ಬೆಳಗ್ಗೆಯೇ ಪೈಪ್ ಜೋಡಿಸಲು ಯಾವುದಾದರೂ ತೋಟಕ್ಕೆ ಹೋಗಿರುತ್ತಾರೆ. ರೈತರು ಸಂಜೆವರೆಗೆ ಕಾಯಬೇಕು. ಅದಕ್ಕೆ ಅಪ್ಪನೇ, "ನನ್ನ ಸಹಿಯನ್ನ ಕಂಪ್ಯೂಟರ್‌ಗೆ ಹಾಕ್ಕೊಂಡುಬಿಡು, ರೇಟು ನನಗೆ ಫೋನಲ್ಲಿ ಹೇಳಿ ಆಮೇಲೆ ಹಾಕು" ಅಂದರು.

ಹಾಳೆ ಮೇಲೆ ಬಾಲ್ ಪೆನ್ನಲ್ಲಿ ಸಹಿ ಹಾಕಿಸಿ, ಮೊಬೈಲಲ್ಲಿ ಫೋಟೋ ತೆಗೆದು, ಕತ್ತರಿಸಿ ಪಿಡಿಎಫ್ ಮೇಲೆ ಇಟ್ಟೆ. ಸಹಿ ಸುತ್ತ ಬೂದು ಬಿಳಿ ಡಬ್ಬ. ಕೆಳಗಿನ ಗೆರೆಯೂ ಹೋಯ್ತು, "ಅಧಿಕೃತ ಸಹಿ" ಅನ್ನೋ ಅಕ್ಷರದಲ್ಲಿ ಅರ್ಧ ಮುಚ್ಚಿಹೋಯ್ತು. ನೋಡಿದವರಿಗೆ ಯಾರದೋ ಸಹಿ ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತೆ. ನನ್ನ ಹತ್ತಿರ ವಿಂಡೋಸ್ 10 ಇದೆ. ದುಡ್ಡು ಕೊಟ್ಟು ಸಾಫ್ಟ್‌ವೇರ್ ತಗೊಳ್ಳೋ ಹಾಗಿಲ್ಲ.

ಸೀರೆ ಸೀನ (ಶಿರಾ)

ಇದಕ್ಕೆ ಯಾಕಣ್ಣ ಇಷ್ಟು ಯೋಚನೆ. ವರ್ಡ್‌ನಲ್ಲಿ ಫೋಟೋ ಹಾಕಿ, `Picture Format` → `Color` → `Set Transparent Color` ಒತ್ತಿ, ಬಿಳಿ ಜಾಗದ ಮೇಲೆ ಒಂದು ಸಲ ಕ್ಲಿಕ್ ಮಾಡಿ. ಬಿಳಿ ಮಾಯ. ನಮ್ಮ ಅಂಗಡಿಯ ಲೋಗೋ ನಾನು ಹಾಗೇ ಮಾಡಿದ್ದು.

ಮಾಲೂರು ಮಂಜು

ನಾನೂ ಇದೇ ಕಷ್ಟದಲ್ಲಿದ್ದೇನೆ. ಪರೀಕ್ಷೆ ಅರ್ಜಿಗೆ ಸಹಿ ಅಪ್‌ಲೋಡ್ ಮಾಡಬೇಕು, ಜೆಪಿಜಿ ಕೇಳ್ತಾರೆ. ಯಾವುದೋ ಆ್ಯಪ್‌ನಲ್ಲಿ ಹಿನ್ನೆಲೆ ತೆಗೆದು ಜೆಪಿಜಿ ಮಾಡಿದೆ. ಇಡೀ ಚಿತ್ರ ಕಪ್ಪಾಯ್ತು, ಸಹಿಯೇ ಕಾಣ್ತಿಲ್ಲ. ನಾಳೆ ಕೊನೆ ದಿನ. ದಯವಿಟ್ಟು ಯಾರಾದರೂ ಹೇಳಿ.

ಡಿಟಿಪಿ ಅಕ್ಕ (ಕೋಲಾರ)

ಮೊದಲು ಮಂಜುಗೆ ಹೇಳ್ತೀನಿ, ನಾಳೆ ಕೊನೆ ದಿನ ಅಂತಿದ್ದಾನೆ. ನಿನಗೆ ಹಿನ್ನೆಲೆ ತೆಗೆಯೋ ಕೆಲಸವೇ ಬೇಡ ಕಣಪ್ಪ. ಅರ್ಜಿಗೆ ಬೇಕಾದ್ದು ಬಿಳಿ ಹಾಳೆ ಮೇಲಿನ ಸಹಿ, ಅಷ್ಟೇ. ಜೆಪಿಜಿಯಲ್ಲಿ "ಇಲ್ಲಿ ಏನೂ ಇಲ್ಲ" ಅಂತ ಹೇಳೋಕೆ ಜಾಗವೇ ಇಲ್ಲ. ಪ್ರತಿ ಚುಕ್ಕೆಗೂ ಒಂದು ಬಣ್ಣ ಇರಲೇಬೇಕು. ಹಿನ್ನೆಲೆ ಇಲ್ಲದ ಚಿತ್ರವನ್ನು ಜೆಪಿಜಿ ಮಾಡಿದರೆ ಆ ಖಾಲಿ ಜಾಗವನ್ನು ಆ್ಯಪ್ ತನಗೆ ತೋಚಿದ ಬಣ್ಣದಿಂದ ತುಂಬುತ್ತೆ. ಎಷ್ಟೋ ಸಲ ಅದು ಕಪ್ಪೇ. ಹೊಸದಾಗಿ ಫೋಟೋ ತೆಗೆದು, ಸಹಿ ಸುತ್ತ ಕತ್ತರಿಸಿ, ಅವರು ಹೇಳಿದ ಕೆಬಿ ಒಳಗೆ ತಂದು ಹಾಕು.

ಈಗ ಚಿಂತಾಮಣಿ ತಮ್ಮನ ಪ್ರಶ್ನೆ. ಸೀನ ಹೇಳಿದ್ದು ಲೋಗೋಗೆ ಸರಿ. ಲೋಗೋ ಕಂಪ್ಯೂಟರಲ್ಲೇ ಹುಟ್ಟಿದ್ದು, ಅದರ ಬಿಳಿ ಎಲ್ಲಾ ಕಡೆ ಒಂದೇ ಬಿಳಿ. ವರ್ಡ್‌ನ ಆ ಬಟನ್ ಕ್ಲಿಕ್ ಮಾಡಿದ ಒಂದೇ ಒಂದು ಬಣ್ಣ ತೆಗೆಯುತ್ತೆ. ಫೋಟೋದಲ್ಲಿರೋ ಹಾಳೆ ಒಂದು ಬಣ್ಣ ಅಲ್ಲ. ಕಿಟಕಿ ಕಡೆ ಬೆಳ್ಳಗೆ, ಮೊಬೈಲ್ ನೆರಳು ಬಿದ್ದ ಕಡೆ ಬೂದು, ಮಧ್ಯೆ ನೂರು ತರಹದ ಬಿಳಿ. ಒಂದನ್ನು ತೆಗೆದರೆ ಉಳಿದ ತೊಂಬತ್ತೊಂಬತ್ತು ಅಲ್ಲೇ ಇರುತ್ತೆ, ಉದುರಿದ ಸುಣ್ಣದ ಗೋಡೆ ತರಹ.

ತಮ್ಮ, ಒಂದು ಕೇಳ್ತೀನಿ. ಆ ಫೋಟೋ ಮೂಲ ಮೊಬೈಲಿಂದ ಕೇಬಲ್ ಹಾಕಿ ತಂದದ್ದಾ, ಇಲ್ಲಾ ವಾಟ್ಸಾಪಲ್ಲಿ ಕಳಿಸಿಕೊಂಡದ್ದಾ?

ಡ್ರಿಪ್ ಅಂಗಡಿ ಹುಡುಗ

ವಾಟ್ಸಾಪಲ್ಲೇ ಅಕ್ಕ. ಸೀನಣ್ಣ ಹೇಳಿದ್ದನ್ನೂ ಮಾಡಿ ನೋಡಿದೆ. ನೀವು ಹೇಳಿದ ಹಾಗೇ ಆಯ್ತು, ಅಕ್ಷರದ ಸುತ್ತ ಬಿಳಿ ಪುಡಿ ಪುಡಿ. ಆಮೇಲೆ ಗಿಂಪ್ ಅನ್ನೋ ಚಿತ್ರ ತಿದ್ದೋ ಉಚಿತ ಸಾಫ್ಟ್‌ವೇರ್ ಹಾಕಿಕೊಂಡು ಮಂತ್ರದಂಡದಂಥ ಟೂಲ್‌ನಲ್ಲಿ ಬಿಳಿ ಆರಿಸಿ `Delete` ಒತ್ತಿದೆ. ಹೊರಗಿನ ಬಿಳಿ ಹೋಯ್ತು. ಆದರೆ ಅಪ್ಪನ ಸಹಿಯಲ್ಲಿ ಎರಡು ಸುತ್ತು ಬರುತ್ತೆ, ಅದರ ಒಳಗಿನ ಬಿಳಿ ಹಾಗೇ ಇದೆ. ಅಂಚೆಲ್ಲಾ ಇಲಿ ಕಡಿದ ಹಾಗೆ ಆಗಿದೆ.

ಡಿಟಿಪಿ ಅಕ್ಕ (ಕೋಲಾರ)

ಆಗಲೇಬೇಕು. ಸಹಿಯ ಅಂಚನ್ನು ದೊಡ್ಡದು ಮಾಡಿ ನೋಡು. ಶಾಯಿ ಒಂದು ಕಡೆ ಮುಗಿದು ಹಾಳೆ ತಟ್ಟಂತ ಶುರು ಆಗಲ್ಲ. ಮಧ್ಯೆ ಮೂರು ನಾಲ್ಕು ಚುಕ್ಕೆ ಅರ್ಧ ಶಾಯಿ, ಅರ್ಧ ಹಾಳೆ. ಮಂತ್ರದಂಡಕ್ಕೆ ಗೊತ್ತಿರೋದು ಎರಡೇ ಉತ್ತರ, ಇರಲಿ ಅಥವಾ ಹೋಗಲಿ. ಅರ್ಧ ಚುಕ್ಕೆಗಳನ್ನು ಇಟ್ಟುಕೊಂಡರೆ ಬಿಳಿ ಅಂಚು, ತೆಗೆದರೆ ಇಲಿ ಕಡಿತ. ಯಾವ ಕಡೆ ಹೋದರೂ ತಪ್ಪೇ.

ಹಾಗಾಗಿ ಬಿಳಿ ಅಳಿಸೋ ಯೋಚನೆಯನ್ನೇ ಬಿಡು. ಚುಕ್ಕೆ ಎಷ್ಟು ಕಪ್ಪಗಿದೆಯೋ ಅಷ್ಟು ಗಟ್ಟಿ, ಎಷ್ಟು ಬೆಳ್ಳಗಿದೆಯೋ ಅಷ್ಟು ತೆಳು ಅಂತ ಮಾಡಬೇಕು. ಆಗ ಅರ್ಧ ಶಾಯಿ ಚುಕ್ಕೆ ಅರ್ಧ ಗಾಜಿನ ಹಾಗೆ ಆಗುತ್ತೆ. ಕೆಳಗೆ ಯಾವ ಬಣ್ಣ ಇದ್ದರೂ ಅದರೊಳಗೆ ಕರಗುತ್ತೆ. ಸುತ್ತಿನ ಒಳಗಿನ ಬಿಳಿಯೂ ತಾನಾಗೇ ಹೋಗುತ್ತೆ, ಅದನ್ನು ಬೇರೆ ಆರಿಸೋದೇ ಬೇಡ. ಗಿಂಪ್‌ನಲ್ಲಿ ಇದಕ್ಕೆ `Color to Alpha` ಅಂತಾರೆ.

ಆದರೆ ಸೀದಾ ಅದನ್ನೇ ಮಾಡಬೇಡ, ಅಲ್ಲೇ ಎಲ್ಲರೂ ಬೀಳೋದು. ನಿನ್ನ ಹಾಳೆ ಫೋಟೋದಲ್ಲಿ ನಿಜವಾದ ಬಿಳಿ ಅಲ್ಲ. ಪೂರ್ತಿ ಬಿಳಿ ಅಂದರೆ 255. ನಿನ್ನದು ಒಂದು ಮೂಲೆಯಲ್ಲಿ 210, ಇನ್ನೊಂದರಲ್ಲಿ 170 ಇರಬಹುದು. ಬಿಳಿಯನ್ನು ತೆಗಿ ಅಂದರೆ 255 ಮಾತ್ರ ಪೂರ್ತಿ ಹೋಗುತ್ತೆ, 170ರ ಮೂಲೆಯಲ್ಲಿ ತೆಳುವಾದ ಬೂದು ಪರದೆ ಉಳಿಯುತ್ತೆ. ಕಂಪ್ಯೂಟರಲ್ಲಿ ನೋಡಿದಾಗ ಗೊತ್ತೂ ಆಗಲ್ಲ. ಲೇಸರ್ ಪ್ರಿಂಟ್ ಹಾಕಿದಾಗ ಸಣ್ಣ ಸಣ್ಣ ಚುಕ್ಕೆಯ ಡಬ್ಬ ಬರುತ್ತೆ, ಆಗ ಗೊತ್ತಾಗುತ್ತೆ.

ಸಂಜೆ ಅಂಗಡಿ ಮುಚ್ಚಿದ ಮೇಲೆ ಪೂರ್ತಿ ಬರೀತೀನಿ. ಅಷ್ಟರಲ್ಲಿ ಒಂದು ಕೆಲಸ ಮಾಡು. ಅಪ್ಪನ ಕೈಲಿ ಹೊಸದಾಗಿ ಸಹಿ ಹಾಕಿಸು. ಗೆರೆ ಇಲ್ಲದ ಬಿಳಿ ಹಾಳೆ, ಕಪ್ಪು ಜೆಲ್ ಪೆನ್. ಬಾಲ್ ಪೆನ್ ಬೇಡ, ಅದು ಮಧ್ಯೆ ಮಧ್ಯೆ ಶಾಯಿ ಬಿಡುತ್ತೆ. ಒಂದೇ ಹಾಳೆಯಲ್ಲಿ ಐದಾರು ಸಹಿ ಹಾಕಿಸು. ಮೊದಲನೇದು ಯಾವಾಗಲೂ ಬಿಗಿಯಾಗಿ ಬರುತ್ತೆ, ಮೂರು ನಾಲ್ಕನೇದರಲ್ಲಿ ಕೈ ಸಡಿಲ ಆಗುತ್ತೆ. ಜಗಲಿ ನೆರಳಲ್ಲಿ, ಫ್ಲ್ಯಾಶ್ ಇಲ್ಲದೆ, ನೇರ ಮೇಲಿಂದ ಫೋಟೋ. ಮೊಬೈಲನ್ನು ತುಂಬ ಹತ್ತಿರ ಹಿಡಿದರೆ ಅದರ ನೆರಳೇ ಬೀಳುತ್ತೆ. ಕಂಪ್ಯೂಟರ್‌ಗೆ ಕೇಬಲ್‌ನಲ್ಲಿ ತಾ. ವಾಟ್ಸಾಪೇ ಗತಿ ಅಂದರೆ ಫೋಟೋ ಅಂತ ಕಳಿಸದೆ ಡಾಕ್ಯುಮೆಂಟ್ ಅಂತ ಕಳಿಸು. ಫೋಟೋ ಅಂತ ಕಳಿಸಿದರೆ ಅದು ಕುಗ್ಗಿಸಿ ಜೆಪಿಜಿ ಮಾಡುತ್ತೆ. ಕೊನೆಗೆ ಹಿನ್ನೆಲೆ ಇಲ್ಲದೆ ಉಳಿಸೋ ಪಿಎನ್‌ಜಿ ಚಿತ್ರವನ್ನು ಫೋಟೋ ಅಂತ ಕಳಿಸಿದರೂ ಇದೇ ಗತಿ, ಪಟ್ಟ ಶ್ರಮವೆಲ್ಲಾ ನೀರಿಗೆ.

ನಿವೃತ್ತ ಮೇಷ್ಟ್ರು (ತಿಪಟೂರು)

ಅಮ್ಮಾ, ತಾವು ಬಿಡಿಸಿ ಹೇಳುವ ರೀತಿ ಚೆನ್ನಾಗಿದೆ. ನನ್ನದು ಬೇರೆ ಸಂಗತಿ. ನಮ್ಮ ಸಂಘದ ಹಳೆಯ ಪ್ರಮಾಣಪತ್ರ ಒಂದರಲ್ಲಿ ನನ್ನದೇ ರುಜು ಇದೆ. ಅದರ ಮೇಲೆ ನೇರಳೆ ಬಣ್ಣದ ಸೀಲು ಬಿದ್ದಿದೆ. ಈಗ ಕೈ ನಡುಗುತ್ತದೆ, ಅಂಥ ರುಜು ಬರುವುದಿಲ್ಲ. ಸೀಲು ತೆಗೆದು ರುಜು ಮಾತ್ರ ಉಳಿಸಿಕೊಳ್ಳಲು ಆಗುತ್ತದೆಯೇ?

ಲಿನಕ್ಸ್ ಲೋಕಿ (ಬಂಗಾರಪೇಟೆ)

ಮೇಷ್ಟ್ರೇ, ರುಜು ಯಾವ ಬಣ್ಣ? ಫೋಟೋದಲ್ಲಿ ಕೆಂಪು, ಹಸಿರು, ನೀಲಿ ಅಂತ ಮೂರು ಪದರ ಇರುತ್ತೆ. ಕೆಂಪು ಸೀಲಾಗಿದ್ದರೆ ಕೆಂಪು ಪದರ ಮಾತ್ರ ತೆಗೆದುಕೊಂಡರೆ ಸಾಕಿತ್ತು. ಆ ಪದರದಲ್ಲಿ ಕೆಂಪು ಶಾಯಿ ಹಾಳೆಯಷ್ಟೇ ಬೆಳ್ಳಗೆ ಕಾಣುತ್ತೆ, ನೀಲಿ ಪೆನ್ನು ಕಪ್ಪಗೆ ಕಾಣುತ್ತೆ. ಸೀಲು ಸುಮ್ನೆ ಮಾಯ ಆಗಿಬಿಡೋದು.

ನಿವೃತ್ತ ಮೇಷ್ಟ್ರು (ತಿಪಟೂರು)

ರುಜು ನೀಲಿ, ಸೀಲು ನೇರಳೆ.

ಲಿನಕ್ಸ್ ಲೋಕಿ (ಬಂಗಾರಪೇಟೆ)

ಅಯ್ಯೋ. ನೇರಳೆಯಲ್ಲಿ ನೀಲಿಯೂ ಇದೆ. ಎರಡೂ ಒಟ್ಟಿಗೆ ಕಪ್ಪಾಗುತ್ತೆ, ಒಟ್ಟಿಗೆ ಮಸುಕಾಗುತ್ತೆ. ನೀಲಿ ಪದರದಲ್ಲಿ ಎರಡೂ ತೆಳುವಾಗುತ್ತೆ, ಕೆಂಪಿನಲ್ಲಿ ರುಜು ಸ್ವಲ್ಪ ಜಾಸ್ತಿ ಗಟ್ಟಿ ಬರಬಹುದು, ಅಷ್ಟೇ. ಒಂದರ ಮೇಲೊಂದು ಬಿದ್ದ ಜಾಗದಲ್ಲಿ ಕೈಯಲ್ಲೇ ತಿದ್ದಬೇಕಾಗುತ್ತೆ.

ಡಿಟಿಪಿ ಅಕ್ಕ (ಕೋಲಾರ)

ಮೇಷ್ಟ್ರೇ, ನನ್ನ ಮಾತು ಕೇಳಿ, ಈಗಿನ ಕೈಯಲ್ಲೇ ಹಾಕಿ. ನಡುಗಿದರೂ ಅದೇ ಇವತ್ತಿನ ನಿಮ್ಮ ಸಹಿ. ತಿದ್ದಿ ಮಾಡಿದ ಸಹಿ ನೋಡಿ ನಾಳೆ ಯಾರಾದರೂ ಬ್ಯಾಂಕಲ್ಲಿ ಹೋಲಿಸಿದರೆ ನೀವೇ ಉತ್ತರ ಕೊಡಬೇಕಾಗುತ್ತೆ.

ಈಗ ತಮ್ಮ, ಗಿಂಪ್ ತೆರೆದುಕೊಂಡು ಕೂತ್ಕೋ.

ಚೆನ್ನಾಗಿ ಬಂದ ಒಂದು ಸಹಿಯನ್ನು ಸುತ್ತ ಬೆರಳಗಲ ಜಾಗ ಬಿಟ್ಟು ಕತ್ತರಿಸು. `Layer` → `Duplicate Layer` ಒತ್ತು, ಅದೇ ಚಿತ್ರದ ಇನ್ನೊಂದು ಪ್ರತಿ ಮೇಲೆ ಬರುತ್ತೆ. ಆ ಮೇಲಿನದನ್ನು `Filters` → `Blur` → `Gaussian Blur` ನಲ್ಲಿ ಮಸುಕು ಮಾಡು. ಅಳತೆ 60ರ ಸುತ್ತ ಕೊಡು. ಈಗ ಮೇಲಿನ ಪದರದಲ್ಲಿ ಸಹಿ ಕರಗಿಹೋಗಿ ಬರೀ ಬೆಳಕು ನೆರಳು ಉಳಿದಿರುತ್ತೆ. ಬಲಗಡೆ ಪದರಗಳ ಪಟ್ಟಿಯಲ್ಲಿ ಅದರ `Mode` ಅನ್ನು `Divide` ಮಾಡು.

ಒಂದು ಕ್ಷಣದಲ್ಲಿ ಹಾಳೆಯೆಲ್ಲಾ ಒಂದೇ ಬಿಳಿ ಆಗುತ್ತೆ. ಈ ಕೆಲಸದಲ್ಲಿ ಇಪ್ಪತ್ತು ವರ್ಷ ಆದಮೇಲೂ ನನಗೆ ಇದು ನೋಡಿದರೆ ಖುಷಿ. ಅಲ್ಲಿ ನಡೆದದ್ದು ಇಷ್ಟೇ: ಪ್ರತಿ ಚುಕ್ಕೆಯನ್ನೂ ಅದರ ಸುತ್ತಲಿನ ಹಾಳೆಯ ಬೆಳಕಿಂದ ಭಾಗಿಸಿದೆ. 170ರ ಹಾಳೆ 170ರಿಂದ ಭಾಗಿಸಿದರೆ ಒಂದು, 210ರದು 210ರಿಂದ ಭಾಗಿಸಿದರೂ ಒಂದು. ಈ ಲೆಕ್ಕದಲ್ಲಿ ಒಂದು ಅಂದರೆ ಪೂರ್ತಿ ಬಿಳಿ, ಆಗ ಹೇಳಿದ 255. ಶಾಯಿ ಮಾತ್ರ ಅದಕ್ಕಿಂತ ಕಡಿಮೆ ಬರುತ್ತೆ. ಹಾಗಾಗಿ ನೆರಳು ಎಲ್ಲಿ ಬಿದ್ದಿತ್ತು ಅನ್ನೋದೇ ಮರೆತುಹೋಗುತ್ತೆ.

ಮಸುಕು ತುಂಬ ಕಡಿಮೆ ಕೊಟ್ಟರೆ ಗೆರೆಯ ಹೊಟ್ಟೆ ಬೆಳ್ಳಗಾಗಿ ಅಂಚು ಮಾತ್ರ ಕಪ್ಪಾಗುತ್ತೆ, ಟೊಳ್ಳು ಕೊಳವೆ ಹಾಗೆ. ಹಾಗೆ ಕಂಡರೆ ಹಿಂದೆ ಹೋಗಿ ಅಳತೆ ಜಾಸ್ತಿ ಮಾಡು. ಪೆನ್ನಿನ ಗೆರೆ ದಪ್ಪಕ್ಕಿಂತ ಮಸುಕು ಬಹಳ ದೊಡ್ಡದಿರಬೇಕು.

ಆಮೇಲೆ `Layer` → `Merge Down`. ಈಗ `Colors` → `Levels`. ಅಲ್ಲೊಂದು ಗುಡ್ಡದ ಚಿತ್ರ ಕಾಣುತ್ತೆ, ಕೆಳಗೆ ಮೂರು ಸಣ್ಣ ತ್ರಿಕೋನ. ಬಲಗಡೆಯ ದೊಡ್ಡ ಗುಡ್ಡ ಹಾಳೆ. ಬಲ ತ್ರಿಕೋನವನ್ನು ಆ ಗುಡ್ಡದ ಎಡ ಬುಡಕ್ಕೆ ತಾ, ಸುಮಾರು 235. ಎಡ ತ್ರಿಕೋನವನ್ನು ಸಹಿ ಚೆನ್ನಾಗಿ ಕಪ್ಪಾಗೋವರೆಗೆ ತಾ, 80 ಅಥವಾ 90. ಬಲದ್ದನ್ನು ಆಸೆಗೆ ಬಿದ್ದು ಜಾಸ್ತಿ ಎಳೆದರೆ ಸಹಿಯ ಬಾಲ ಹೋಗುತ್ತೆ. ಪೆನ್ನು ಎತ್ತುವಾಗ ಬರೋ ತೆಳು ಗೆರೆ ಇದೆಯಲ್ಲ, ಅದರ ಮೇಲೆ ಕಣ್ಣಿಟ್ಟುಕೊಂಡೇ ಎಳಿ.

ಈಗ `Colors` → `Color to Alpha`, ಬಣ್ಣ ಬಿಳಿ, `OK`. ಹಿಂದೆ ಚೌಕ ಚೌಕ ಕಾಣುತ್ತೆ. ಅದನ್ನು ನಂಬಬೇಡ. ಹೊಸ ಪದರ ಹಾಕಿ, ಅರಿಶಿನ ಬಣ್ಣ ತುಂಬಿ, ಸಹಿಯ ಕೆಳಗೆ ಇಡು. ಅರಿಶಿನದ ಮೇಲೆ ಬೂದು ಪರದೆ, ಹಾಳೆಯ ಕೊಳೆ ಚುಕ್ಕೆ, ಹಿಂಬದಿ ಮುದ್ರಣದ ನೆರಳು ಎಲ್ಲಾ ಎದ್ದು ಕಾಣುತ್ತೆ. ಚುಕ್ಕೆಗಳನ್ನು ಅಳಿಸಿ, ಅರಿಶಿನ ಪದರ ತೆಗೆದು, `File` → `Export As` ನಲ್ಲಿ `.png` ಅಂತ ಉಳಿಸು.

ಸೀರೆ ಸೀನ (ಶಿರಾ)

ಅಕ್ಕ ಹೇಳಿದ್ದು ಸರಿ ಇರಬಹುದು, ಆದರೆ ಇಷ್ಟೆಲ್ಲಾ ಮಾಡೋ ಬದಲು ಹಿನ್ನೆಲೆ ತೆಗೆಯೋ ವೆಬ್‌ಸೈಟ್‌ಗೆ ಹಾಕಿದರೆ ಐದು ಸೆಕೆಂಡ್ ಕೆಲಸ.

ಡಿಟಿಪಿ ಅಕ್ಕ (ಕೋಲಾರ)

ಸೀನ, ನಿನ್ನ ಸೀರೆ ಫೋಟೋ ಹಾಕು, ನನ್ನದೇನೂ ತಕರಾರಿಲ್ಲ. ಚೆಕ್ಕಿಗೆ ಹಾಕೋ ಸಹಿಯನ್ನು ಗೊತ್ತಿಲ್ಲದವರ ಸರ್ವರ್‌ಗೆ ಯಾಕಪ್ಪ ಕೊಡಬೇಕು? ಅಲ್ಲದೆ ಆ ಸೈಟುಗಳಲ್ಲಿ ಕೆಲವು ಮನುಷ್ಯ, ಬಾಟಲಿ, ಕಾರು ಹುಡುಕೋಕೆ ಮಾಡಿರೋವು. ತೆಳು ಗೆರೆ ಕೊಟ್ಟರೆ ಬಾಲ ತಿನ್ನುತ್ತೆ, ಸುತ್ತಿನೊಳಗಿನ ಹಾಳೆ ಬಿಡುತ್ತೆ.

ಲಿನಕ್ಸ್ ಲೋಕಿ (ಬಂಗಾರಪೇಟೆ)

ಅಕ್ಕ ಹೇಳಿದ್ದನ್ನೇ ಕಮಾಂಡ್ ಬರೆದು ಚಿತ್ರ ತಿದ್ದೋ ಇಮೇಜ್‌ಮ್ಯಾಜಿಕ್‌ನಲ್ಲಿ ಎರಡು ಸಾಲಲ್ಲಿ ಮಾಡಬಹುದು. ಉಬುಂಟುನಂಥ ಲಿನಕ್ಸ್‌ನಲ್ಲಿ ಹೀಗೆ:

```
magick sahi.jpg -auto-orient -colorspace Gray \
  \( +clone -blur 0x60 \) -compose Divide_Src -composite \
  -level 33%,92% -negate mask.png
magick mask.png -background "#12206b" -alpha shape sahi.png
```

ಮೊದಲ ಸಾಲು ಬೆಳಕು ಸಮ ಮಾಡಿ, ಕೊನೆಗೆ ಕಪ್ಪು ಬಿಳುಪು ತಿರುಗಿಸುತ್ತೆ. ಎರಡನೇ ಸಾಲು ಆ ಬಿಳುಪನ್ನೇ ಗಟ್ಟಿತನ ಅಂತ ತೆಗೆದುಕೊಂಡು, ಎಲ್ಲಾ ಕಡೆ ಒಂದೇ ಕಡು ನೀಲಿ ಬಣ್ಣ ತುಂಬುತ್ತೆ. ಬಣ್ಣ ಒಂದೇ ಆಗಿರೋದರಿಂದ ಅಂಚಿನಲ್ಲಿ ಹಾಳೆಯ ಬೂದು ಉಳಿಯೋ ಪ್ರಶ್ನೆಯೇ ಇಲ್ಲ. ಹಳೆಯ ಆವೃತ್ತಿಯಾದರೆ `magick` ಬದಲು `convert` ಅಂತ ಬರೆಯಿರಿ. ನಾನು ಮೊದಲು 85% ಇಟ್ಟು ಮಾಡಿದಾಗ ನನ್ನ ಸಹಿಯ ಕೊನೆಯ ಗೆರೆ ಹಾರಿಹೋಗಿತ್ತು, 92ಕ್ಕೆ ಏರಿಸಿದ ಮೇಲೆ ವಾಪಸ್ ಬಂತು.

ಡ್ರಿಪ್ ಅಂಗಡಿ ಹುಡುಗ

ಅಕ್ಕ, ಬಂತು! ಅಪ್ಪ ಆರು ಸಹಿ ಹಾಕಿದರು, ನೀವು ಹೇಳಿದ ಹಾಗೆ ನಾಲ್ಕನೇದೇ ಚೆನ್ನಾಗಿತ್ತು. ಮೊದಲ ಸಲ ಮಸುಕು 10 ಕೊಟ್ಟುಬಿಟ್ಟೆ, ಟೊಳ್ಳು ಕೊಳವೆಯೇ ಬಂತು. ನಮ್ಮ ಡ್ರಿಪ್ ಲ್ಯಾಟರಲ್ ಪೈಪ್ ಇದ್ದ ಹಾಗಿತ್ತು. 60 ಕೊಟ್ಟ ಮೇಲೆ ಸರಿ ಆಯ್ತು. ಅರಿಶಿನದ ಮೇಲೆ ಇಟ್ಟು ನೋಡಿದೆ, ಕೆಳಗಿನ ಎಡ ಮೂಲೆಯಲ್ಲಿ ಸ್ವಲ್ಪ ಬೂದು ಉಳಿದಿತ್ತು. ಬಲ ತ್ರಿಕೋನವನ್ನು 240ರಿಂದ 232ಕ್ಕೆ ತಂದೆ, ಹೋಯ್ತು. ಬಾಲವೂ ಉಳಿಯಿತು.

ಆದರೆ ಈಗ ಹೊಸ ತಲೆನೋವು. ಪಿಡಿಎಫ್ ಮೇಲೆ ಇಡೋಕೆ ಲಿಬ್ರೆ ಆಫೀಸ್ ಡ್ರಾನಲ್ಲಿ ತೆರೆದೆ. ಸಹಿ ಚೆನ್ನಾಗಿ ಕೂತಿತು, ಗೆರೆಯೂ ಕಾಣುತ್ತೆ. ಕನ್ನಡ ಕೆಟ್ಟುಹೋಯ್ತು! "ಒಟ್ಟು ಮೊತ್ತ" ಇದ್ದದ್ದು "ಒಟು ಮೊತ" ಆಗಿದೆ. ಒತ್ತಕ್ಷರ ಒಂದು ಕಡೆ, ಅಕ್ಷರ ಒಂದು ಕಡೆ. ಅಪ್ಪ ನೋಡಿ, "ಸಹಿ ನನ್ನದೇ, ಭಾಷೆ ಯಾರದು?" ಅಂದರು.

ಡಿಟಿಪಿ ಅಕ್ಕ (ಕೋಲಾರ)

ನಿಮ್ಮಪ್ಪ ನನ್ನ ಅಂಗಡಿಗೆ ಬರಲಿ, ಪ್ರೂಫ್ ನೋಡೋ ಕೆಲಸ ಕೊಡ್ತೀನಿ.

ಡ್ರಾ ತಪ್ಪೂ ಅಲ್ಲ ಇದು. ಪಿಡಿಎಫ್ ಒಳಗೆ ನೀನು ಟೈಪ್ ಮಾಡಿದ ಕನ್ನಡ ಇರಲ್ಲ, ಅದನ್ನು ಜೋಡಿಸಿದ ಮೇಲೆ ಬಂದ ಆಕಾರಗಳು ಇರುತ್ತೆ. ಎಲ್ಲಿ ಯಾವ ಆಕಾರ ಅಂತ ಲೆಕ್ಕ, ಅಷ್ಟೇ. ಡ್ರಾ ಅದನ್ನು ತಿದ್ದೋಕೆ ಬರೋ ಅಕ್ಷರ ಮಾಡೋಣ ಅಂತ ಹೊರಟು, ಆಕಾರದಿಂದ ಅಕ್ಷರ ಊಹಿಸಿ, ಮತ್ತೆ ತನ್ನ ಫಾಂಟ್‌ನಲ್ಲಿ ಜೋಡಿಸುತ್ತೆ. ಇಂಗ್ಲಿಷಿಗೆ ಹೇಗೋ ನಡೆಯುತ್ತೆ. ಕನ್ನಡದ ಒತ್ತಿಗೆ ನಡೆಯಲ್ಲ. ನುಡಿ ಫಾಂಟ್‌ನಲ್ಲಿ ಮಾಡಿದ ಹಳೆ ಪಿಡಿಎಫ್ ತೆರೆದರೆ ಇನ್ನೂ ಚೆಂದ, ಇಂಗ್ಲಿಷ್ ಅಕ್ಷರದ ಸಾಂಬಾರು.

ಹಾಗಾಗಿ ಪುಟವನ್ನು ತೆರೆದು ತಿದ್ದೋದೇ ಬೇಡ. ಪುಟ ಹಾಗೇ ಇರಲಿ, ಅದರ ಮೇಲೆ ಗಾಜಿನ ಹಾಳೆ ಇಟ್ಟ ಹಾಗೆ ಸಹಿ ಇಡು. ವಿಂಡೋಸ್‌ಗೆ ಕ್ಸೋರ್ನಲ್ ಪ್ಲಸ್ ಪ್ಲಸ್ ಅಂತ ಉಚಿತ ಸಾಫ್ಟ್‌ವೇರ್ ಇದೆ, ಪರದೆ ಮೇಲೆ `Xournal++` ಅಂತ ಕಾಣುತ್ತೆ. ಅದರಲ್ಲಿ ಪಿಡಿಎಫ್ ತೆರೆದು, ಚಿತ್ರದ ಟೂಲ್ ತೆಗೆದುಕೊಂಡು ಸಹಿಯ ಜಾಗದಲ್ಲಿ ಕ್ಲಿಕ್ ಮಾಡಿ ಪಿಎನ್‌ಜಿ ಆರಿಸು. ಮೂಲೆ ಹಿಡಿದು ಚಿಕ್ಕದು ಮಾಡು. ಪಕ್ಕದಿಂದ ಹಿಡಿದರೆ ಸಹಿ ಸೊರಗುತ್ತೆ ಇಲ್ಲ ಊದುತ್ತೆ. ಕೊನೆಗೆ `File` → `Export as PDF`.

ಅಳತೆ ಕೂಡ ನೋಡ್ಕೋ. ಅಪ್ಪ ಹಾಳೆ ಮೇಲೆ ಹಾಕಿದ್ದು 5 ಸೆಂಟಿಮೀಟರ್ ಅಗಲ ಇದ್ದರೆ ಪುಟದ ಮೇಲೂ ಅಷ್ಟೇ ಇರಲಿ. ಕೊಟೇಶನ್‌ನಲ್ಲಿ ಅಂಗೈ ಅಗಲ ಸಹಿ ಇಟ್ಟವರನ್ನು ನೋಡಿದ್ದೀನಿ, ಗೆರೆ ಮಾರ್ಕರ್ ಪೆನ್ನಿನಷ್ಟು ದಪ್ಪ. ಮುದ್ರಣಕ್ಕೆ 300 ಡಿಪಿಐ, ಅಂದರೆ ಒಂದು ಇಂಚಿಗೆ 300 ಚುಕ್ಕೆ ಸಾಕು. 5 ಸೆಂಟಿಮೀಟರ್‌ಗೆ ಸುಮಾರು 600 ಚುಕ್ಕೆ ಅಗಲ. ನಿನ್ನ ಫೋಟೋದಲ್ಲಿ ಅದಕ್ಕಿಂತ ಜಾಸ್ತಿಯೇ ಇರುತ್ತೆ.

ಲಿನಕ್ಸ್ ಲೋಕಿ (ಬಂಗಾರಪೇಟೆ)

ದಿನಕ್ಕೆ ಹತ್ತು ಕೊಟೇಶನ್ ಇದ್ದರೆ ಕೈಯಲ್ಲಿ ಇಡೋದು ಬೇಜಾರು. ಲಿಬ್ರೆ ಆಫೀಸ್ ರೈಟರ್‌ನಲ್ಲಿ ಒಂದು ಖಾಲಿ ಎ4 ಪುಟ ತೆರೆದು, ಸಹಿ ಎಲ್ಲಿ ಬರಬೇಕೋ ಅಲ್ಲಿ ಪಿಎನ್‌ಜಿ ಮಾತ್ರ ಇಟ್ಟು ಪಿಡಿಎಫ್ ಮಾಡಿ. ಇದು ನಿಮ್ಮ ಗಾಜಿನ ಹಾಳೆ. ಆಮೇಲೆ ಪ್ರತಿ ಸಲ `qpdf` ಅನ್ನೋ ಉಚಿತ ಟೂಲ್‌ಗೆ ಈ ಕಮಾಂಡ್ ಕೊಡಿ:

```
qpdf kotation.pdf --overlay sahi-puta.pdf --to=z -- kotation-sahi.pdf
```

`z` ಅಂದರೆ ಕೊನೆಯ ಪುಟ. ಕೊಟೇಶನ್ ಮೂರು ಪುಟ ಆದರೂ ಸಹಿ ಕೊನೆಯದಕ್ಕೇ ಬೀಳುತ್ತೆ. ಎರಡೂ ಪುಟದ ಅಳತೆ ಒಂದೇ ಇರಲಿ. ಬಿಲ್ಲು ಲೆಟರ್ ಅಳತೆ, ಗಾಜಿನ ಹಾಳೆ ಎ4 ಆದರೆ ಅದು ಹಿಗ್ಗಿಸಿ ಕುಗ್ಗಿಸಿ ಹೊಂದಿಸುತ್ತೆ, ಸಹಿ ಜಾಗ ತಪ್ಪುತ್ತೆ.

ಹಿನ್ನೆಲೆಯ ಪಾರದರ್ಶಕತೆ ನಿಜವಾಗಿ ಉಳಿದಿದೆಯಾ ಅಂತ ನೋಡೋಕೆ:

```
pdfimages -list kotation-sahi.pdf
```

ಪಟ್ಟಿಯಲ್ಲಿ ಸಹಿಗೆ ಎರಡು ಸಾಲು ಬರಬೇಕು, ಒಂದು `image`, ಅದರ ಕೆಳಗೆ `smask`. ಆ `smask` ಇದ್ದರೆ ಗಟ್ಟಿ ತೆಳುವಿನ ಲೆಕ್ಕ ಒಳಗಿದೆ ಅಂತ ಅರ್ಥ. ಬರೀ `image` ಇದ್ದರೆ ದಾರಿಯಲ್ಲಿ ಯಾರೋ ಹಿನ್ನೆಲೆ ತುಂಬಿದ್ದಾರೆ. ರೈಟರ್‌ನಿಂದ ಪಿಡಿಎಫ್ ಮಾಡುವಾಗ ಪಿಡಿಎಫ್/ಎ-1 ಆರಿಸಿದ್ದರೆ ಹೀಗಾಗುತ್ತೆ, ಆ ಮಾದರಿಯಲ್ಲಿ ಪಾರದರ್ಶಕತೆಗೆ ಅವಕಾಶವಿಲ್ಲ.

ಆಡಿಟರ್ ಆಫೀಸ್ ಅಸಿಸ್ಟೆಂಟ್ (ಗೌರಿಬಿದನೂರು)

ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ಇದನ್ನು ಡಿಜಿಟಲ್ ಸಹಿ ಅಂತ ಯಾರೂ ಅಂದುಕೊಳ್ಳಬೇಡಿ. ನಮ್ಮ ಆಫೀಸಿಗೆ ತಿಂಗಳಿಗೆ ಒಬ್ಬರಾದರೂ ಬಂದು, "ಡಿಜಿಟಲ್ ಸಿಗ್ನೇಚರ್ ಹಾಕಿದ್ದೀವಲ್ಲ ಸಾರ್" ಅಂತ ಇಂಥ ಚಿತ್ರ ತೋರಿಸ್ತಾರೆ. ಐಟಿ ಕಾಯ್ದೆ 2000ರ 3 ಮತ್ತು 3ಎ ಕಲಂನಲ್ಲಿ ಹೇಳಿರೋದು ಬೇರೆ. ಅದಕ್ಕೆ ಪರವಾನಗಿ ಇರೋ ಸಂಸ್ಥೆ ಕೊಟ್ಟ ಡಿಜಿಟಲ್ ಸಹಿ ಪ್ರಮಾಣಪತ್ರ, ಅಂದರೆ ಡಿಎಸ್‌ಸಿ ಇರೋ ಟೋಕನ್ ಬೇಕು, ಇಲ್ಲ ಆಧಾರ್ ಇ-ಸೈನ್. ಟೆಂಡರ್‌ಗೆ ಅಪ್‌ಲೋಡ್ ಮಾಡೋವಾಗ ಅದನ್ನೇ ಕೇಳೋದು.

ಎರಡೂ ಬೇಕಾದರೆ ಮೊದಲು ಚಿತ್ರ, ಆಮೇಲೆ ಡಿಎಸ್‌ಸಿ. ಡಿಎಸ್‌ಸಿ ಹಾಕಿದ ಫೈಲ್ ಮೇಲೆ ಚಿತ್ರ ಇಟ್ಟರೆ ಫೈಲ್ ಬದಲಾಯ್ತು ಅಂತ ಆ ಸಹಿ ಕೆಡುತ್ತೆ. ನಮ್ಮಲ್ಲೇ ಒಬ್ಬ ಹೊಸ ಹುಡುಗ ಹೀಗೆ ಮಾಡಿ, ಒಂದಿಡೀ ಮಧ್ಯಾಹ್ನ ಮತ್ತೆ ಸಹಿ ಹಾಕಿಸೋದರಲ್ಲೇ ಹೋಯ್ತು.

ಡ್ರಿಪ್ ಅಂಗಡಿ ಹುಡುಗ

ನಮ್ಮದು ಬರೀ ಕೊಟೇಶನ್ ಸಾರ್. ಆದರೆ ಕೆಲವು ರೈತರು ಅದನ್ನೇ ಸಾಲಕ್ಕೆ ಬ್ಯಾಂಕಿಗೆ ಕೊಡ್ತಾರೆ. ಅಲ್ಲಿ ನಡೆಯುತ್ತಾ?

ಆಡಿಟರ್ ಆಫೀಸ್ ಅಸಿಸ್ಟೆಂಟ್ (ಗೌರಿಬಿದನೂರು)

ಬ್ಯಾಂಕಿಗೆ ಹೋಗೋದಕ್ಕೆ ಪೆನ್ನಲ್ಲಿ ಹಾಕಿ, ಸೀಲು ಒತ್ತಿ ಕೊಡಿ. ಸುಮ್ನೆ ರೈತರನ್ನು ಎರಡು ಸಲ ಓಡಾಡಿಸಬೇಡಿ.

ಸೀರೆ ಸೀನ (ಶಿರಾ)

ನಾನು ಮೂರು ಸಲ ಇಂಥದ್ದೇ ಕೊಟ್ಟಿದ್ದೀನಿ, ಯಾರೂ ಏನೂ ಕೇಳಲಿಲ್ಲ.

ಆಡಿಟರ್ ಆಫೀಸ್ ಅಸಿಸ್ಟೆಂಟ್ (ಗೌರಿಬಿದನೂರು)

ನಾಲ್ಕನೇ ಸಲ ಕೇಳಿದಾಗ ಇಲ್ಲಿ ಬಂದು ಹೇಳಿ ಸಾರ್.

ನಿವೃತ್ತ ಮೇಷ್ಟ್ರು (ತಿಪಟೂರು)

ಒಂದು ಸಂಶಯ. ಹೀಗೆ ಇಟ್ಟ ರುಜುವನ್ನು ಪಿಡಿಎಫ್ ಪಡೆದವರು ಮತ್ತೆ ಹೊರಗೆ ತೆಗೆಯಬಹುದೇ?

ಲಿನಕ್ಸ್ ಲೋಕಿ (ಬಂಗಾರಪೇಟೆ)

ತೆಗೆಯಬಹುದು ಮೇಷ್ಟ್ರೇ. ಮೇಲೆ ಹೇಳಿದ `pdfimages` ಪಟ್ಟಿ ತೋರಿಸೋದಷ್ಟೇ ಅಲ್ಲ, ಚಿತ್ರವನ್ನೂ, ಅದರ `smask` ಅನ್ನೂ ಬೇರೆ ಬೇರೆ ತೆಗೆದುಕೊಡುತ್ತೆ. ಎರಡನ್ನೂ ಸೇರಿಸಿದರೆ ಮೂಲ ಸಹಿ ಹಾಗೇ ಸಿಗುತ್ತೆ. ಪಿಡಿಎಫ್‌ಗೆ ಎಡಿಟ್ ಮಾಡದ ಹಾಗೆ ಬೀಗ ಹಾಕಿದರೂ ಓದೋಕೆ ಬರುತ್ತೆ ಅಂದಮೇಲೆ ಪರದೆಯ ಫೋಟೋ ತೆಗೆಯಬಹುದಲ್ಲ.

ಡಿಟಿಪಿ ಅಕ್ಕ (ಕೋಲಾರ)

ಅದಕ್ಕೆ ನಾನು ನನ್ನ ಗಿರಾಕಿಗಳಿಗೆ ಹೇಳೋದು, ಚೆಕ್ಕಿಗೆ ಹಾಕೋ ಪೂರ್ತಿ ಸಹಿ ಬೇಡ, ಕೊಟೇಶನ್‌ಗೆ ಅಂತ ಚಿಕ್ಕ ಸಹಿ ಇಟ್ಕೊಳ್ಳಿ ಅಂತ. ಹಾಗೇ ಸಹಿಯನ್ನು ಖಾಲಿ ಜಾಗದಲ್ಲಿ ಇಡದೆ, ಅಂಗಡಿ ಹೆಸರಿನ ಅಕ್ಷರದ ಮೇಲೆ ಸ್ವಲ್ಪ ಹಾಯೋ ಹಾಗೆ ಇಡಿ. ಪ್ರಿಂಟ್‌ನಿಂದ ಕದಿಯೋರಿಗೆ ಸ್ವಲ್ಪ ಕಷ್ಟ ಆಗುತ್ತೆ. ಫೈಲಿನಿಂದ ತೆಗೆಯೋರಿಗೆ ಏನೂ ಆಗಲ್ಲ, ಅದೂ ನಿಜ. ಪ್ರಿಂಟ್ ಹಾಕಿಯೇ ಕೊಡೋದಾದರೆ ಫೈಲ್ ಯಾರಿಗೂ ಕಳಿಸಬೇಡಿ.

ಡ್ರಿಪ್ ಅಂಗಡಿ ಹುಡುಗ

ಇವತ್ತು ಕ್ಸೋರ್ನಲ್‌ನಲ್ಲಿ ಮಾಡಿದೆ. ಕೈವಾರದ ಕಡೆಯ ರೈತರೊಬ್ಬರಿಗೆ ಒಂದೂವರೆ ಎಕರೆ ಟೊಮೆಟೊ ತೋಟದ ಕೊಟೇಶನ್. "ಒಟ್ಟು ಮೊತ್ತ" ಒಟ್ಟು ಮೊತ್ತವಾಗೇ ಇದೆ. ಸಹಿಯ ಬಾಲ "ಅಧಿಕೃತ ಸಹಿ" ಗೆರೆ ಮೇಲೆ ಹಾದಿದೆ, ಗೆರೆ ಕೆಳಗಿಂದ ಕಾಣುತ್ತೆ. ಅಪ್ಪನಿಗೆ ತೋರಿಸಿದೆ. ಹತ್ತು ಸಲ ನೋಡಿ, "ಕಪ್ಪು ಇಂಕಲ್ಲಿ ನಾನು ಯಾವತ್ತೂ ಹಾಕಲ್ಲ, ಜೆರಾಕ್ಸ್ ಅನ್ಕೋತಾರೆ, ನೀಲಿ ಮಾಡು" ಅಂದರು. ಗಿಂಪ್‌ನಲ್ಲಿ ಬಣ್ಣ ಮಾತ್ರ ಬದಲಾಯಿಸೋಕೆ ಆಗುತ್ತಾ, ಇಲ್ಲ ಮತ್ತೆ ಮೊದಲಿಂದಲಾ?

ಡಿಟಿಪಿ ಅಕ್ಕ (ಕೋಲಾರ)

ಮೊದಲಿಂದ ಬೇಡ. ಪಿಎನ್‌ಜಿ ತೆರೆದು, ಪದರಗಳ ಪಟ್ಟಿಯ ಮೇಲ್ಗಡೆ ಇರೋ `Lock alpha channel` ಗುಂಡಿ ಒತ್ತು. ಕಡು ನೀಲಿ ಆರಿಸಿಕೊಂಡು `Edit` → `Fill with FG Color`. ಗಟ್ಟಿ ತೆಳು ಹಾಗೇ ಇದ್ದು ಬಣ್ಣ ಮಾತ್ರ ಬದಲಾಗುತ್ತೆ. ಲೋಕಿಯ ಎರಡನೇ ಸಾಲು ಮಾಡೋದೂ ಇದನ್ನೇ. ತಿಳಿ ನೀಲಿ ಬೇಡ, ಲೇಸರ್ ಪ್ರಿಂಟ್‌ನಲ್ಲಿ ಬೂದು ಆಗುತ್ತೆ.

ಡ್ರಿಪ್ ಅಂಗಡಿ ಹುಡುಗ

ಆಯ್ತು ಅಕ್ಕ, ಎರಡು ನಿಮಿಷ ಸಾಕಾಯ್ತು. ಲೋಕಿ ಅಣ್ಣ, ನಿಮ್ಮ ಗಾಜಿನ ಹಾಳೆ ಮಾತ್ರ ನಮಗೆ ಹೊಂದುತ್ತಿಲ್ಲ. ನಮ್ಮ ಸಾಫ್ಟ್‌ವೇರ್ ಸಹಿ ಗೆರೆಯನ್ನು ಪುಟದ ತಳದಲ್ಲಿ ಇಡಲ್ಲ, ಸಾಮಾನಿನ ಪಟ್ಟಿ ಎಲ್ಲಿ ಮುಗಿಯುತ್ತೋ ಅದರ ಕೆಳಗೆ ಇಡುತ್ತೆ. ಆರು ಸಾಲಿನ ಬಿಲ್ಲಿಗೆ ಒಂದು ಕಡೆ, ಇಪ್ಪತ್ತು ಸಾಲಿಗೆ ಇನ್ನೊಂದು ಕಡೆ.

ಲಿನಕ್ಸ್ ಲೋಕಿ (ಬಂಗಾರಪೇಟೆ)

ಹಾಗಾದರೆ ಬಿಲ್ಲಿನ ಮಾದರಿಯಲ್ಲೇ ಸಹಿ ಗೆರೆಯನ್ನು ಪುಟದ ತಳದ ಫೂಟರ್ ಜಾಗಕ್ಕೆ ತರೋಕೆ ಬರುತ್ತಾ ನೋಡಿ. ಸೆಟ್ಟಿಂಗ್‌ನಲ್ಲಿ ಸಹಿ ಚಿತ್ರ ಹಾಕೋ ಜಾಗ ಇದ್ದರೆ ಇನ್ನೂ ಸುಲಭ. ಎರಡೂ ಇಲ್ಲ ಅಂದರೆ ಕೈಯಲ್ಲೇ ಇಡಬೇಕು, ನನಗೆ ಬೇರೆ ದಾರಿ ಹೊಳೀತಿಲ್ಲ.

ನಿವೃತ್ತ ಮೇಷ್ಟ್ರು (ತಿಪಟೂರು)

ಅಮ್ಮಾ, ನಡುಗುವ ಕೈಯಲ್ಲೇ ಹಾಕಿ, ತಾವು ಹೇಳಿದಂತೆ ಎಲ್ಲವನ್ನೂ ಮಾಡಿದೆ. ಮೊಮ್ಮಗಳು ನೆರವಾದಳು. ಮನೆಯ ಪ್ರಿಂಟರ್‌ನಲ್ಲಿ ಸರಿಯಾಗಿ ಬಂತು. ಪೇಟೆಯ ಜೆರಾಕ್ಸ್ ಅಂಗಡಿಯಲ್ಲಿ ಅದೇ ಫೈಲು ಕೊಟ್ಟರೆ ರುಜುವಿನ ಜಾಗದಲ್ಲಿ ಕಪ್ಪು ಚೌಕ ಬಂತು. ಪರದೆ ಮೇಲೆ ಸರಿಯಾಗಿಯೇ ಕಾಣುತ್ತಿತ್ತು.

ಡಿಟಿಪಿ ಅಕ್ಕ (ಕೋಲಾರ)

ಅವರ ಪ್ರಿಂಟರ್ ಡ್ರೈವರ್ ಆ ತೆಳು ಗಟ್ಟಿ ಲೆಕ್ಕವನ್ನು ಬಿಟ್ಟುಬಿಟ್ಟಿದೆ ಅನ್ನಿಸುತ್ತೆ ಮೇಷ್ಟ್ರೇ. ಅಡೋಬ್ ರೀಡರ್ ಇದ್ದರೆ ಪ್ರಿಂಟ್ ಹಾಕುವಾಗ `Advanced` ಒತ್ತಿ `Print As Image` ಗೆ ಗುರುತು ಹಾಕೋಕೆ ಹೇಳಿ. ಆಗ ಪುಟವನ್ನು ಕಂಪ್ಯೂಟರೇ ಒಂದು ಚಿತ್ರ ಮಾಡಿ ಕಳಿಸುತ್ತೆ, ಪ್ರಿಂಟರ್‌ಗೆ ತಲೆ ಓಡಿಸೋ ಕೆಲಸ ಇರಲ್ಲ.

ನಿವೃತ್ತ ಮೇಷ್ಟ್ರು (ತಿಪಟೂರು)

ಅಲ್ಲಿನ ಹುಡುಗ ಬ್ರೌಸರ್‌ನಿಂದಲೇ ಪ್ರಿಂಟ್ ಕೊಡುತ್ತಾನೆ. ಸೋಮವಾರ ಹೋಗಿ ಅಡೋಬ್ ಇದೆಯೇ ಎಂದು ಕೇಳಿ ಬರೆಯುತ್ತೇನೆ.